ಯಾವುದು ಮೊದಲು, ಯಾವುದು ಆಮೇಲೆ?

ಐದು ವಿಷಯಗಳ ಒಂದು ಕೋರ್ಸ್ ಇದೆ ಎನ್ನಿ. ಗಣಿತಕ್ಕೂ ಪ್ರೋಗ್ರಾಮಿಂಗ್‌ಗೂ ಪೂರ್ವಸಿದ್ಧತೆ ಬೇಡ. ಡೇಟಾ ಸ್ಟ್ರಕ್ಚರ್‌ಗೆ ಪ್ರೋಗ್ರಾಮಿಂಗ್ ಮುಗಿದಿರಬೇಕು. ಅಲ್ಗಾರಿದಮ್‌ಗೆ ಗಣಿತ ಮತ್ತು ಡೇಟಾ ಸ್ಟ್ರಕ್ಚರ್ ಎರಡೂ ಬೇಕು. ಕಂಪೈಲರ್‌ಗೆ ಅಲ್ಗಾರಿದಮ್ ಬೇಕು. ಇವನ್ನು ಯಾವ ಕ್ರಮದಲ್ಲಿ ಕಲಿಯಬೇಕು?

ಇದನ್ನು ಬಿಡಿಸುವ ಸರಳ ವಿಧಾನವೊಂದನ್ನು ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದರು. ಪ್ರತಿ ವಿಷಯದ ಮುಂದೆ, ಅದಕ್ಕೆ ಇನ್ನೂ ಎಷ್ಟು ವಿಷಯ ಮುಗಿಯಬೇಕು ಎಂದು ಬರೆದುಕೊಳ್ಳಿ. ಇಲ್ಲಿ ಕ್ರಮವಾಗಿ 0, 0, 1, 2, 1. ಸೊನ್ನೆ ಇರುವುದನ್ನು ತೆಗೆದು ಪಟ್ಟಿಗೆ ಸೇರಿಸಿ. ಅದನ್ನು ನೆಚ್ಚಿಕೊಂಡ ವಿಷಯಗಳ ಲೆಕ್ಕದಲ್ಲಿ ಒಂದೊಂದು ಕಳೆಯಿರಿ. ಗಣಿತ ಹೋದರೆ ಅಲ್ಗಾರಿದಮ್ 1ಕ್ಕೆ ಇಳಿಯುತ್ತದೆ. ಪ್ರೋಗ್ರಾಮಿಂಗ್ ಹೋದರೆ ಡೇಟಾ ಸ್ಟ್ರಕ್ಚರ್ ಸೊನ್ನೆಯಾಗುತ್ತದೆ. ಹೀಗೆಯೇ ಮುಂದುವರಿದರೆ ಕಂಪೈಲರ್ ಕೊನೆಗೆ ಬರುತ್ತದೆ. ಸೊನ್ನೆಗಳು ಒಮ್ಮೆಗೆ ಎರಡಿದ್ದರೆ ಯಾವುದನ್ನಾದರೂ ಮೊದಲು ತೆಗೆಯಬಹುದು. ಹಾಗಾಗಿ ಸರಿಯುತ್ತರ ಒಂದೇ ಇರಬೇಕೆಂದಿಲ್ಲ.

ಈಗ ಯಾರೋ ‘ಡೇಟಾ ಸ್ಟ್ರಕ್ಚರ್‌ಗೆ ಅಲ್ಗಾರಿದಮ್ ಬೇಕು’ ಎಂಬ ನಿಯಮ ಸೇರಿಸಿದರು ಎನ್ನಿ. ಮೊದಲೆರಡು ವಿಷಯ ಹೋದ ಮೇಲೆ ಸೊನ್ನೆಯೇ ಸಿಗುವುದಿಲ್ಲ, ಮೂರು ವಿಷಯ ಉಳಿದುಬಿಡುತ್ತವೆ. ಪಟ್ಟಿ ಅಪೂರ್ಣವಾಗಿ ನಿಂತರೆ ಎಲ್ಲೋ ಸುತ್ತು ಇದೆ ಎಂದೇ ಅರ್ಥ. ಆದರೆ ಉಳಿದದ್ದೆಲ್ಲ ಸುತ್ತಿನೊಳಗಿಲ್ಲ. ಕಂಪೈಲರ್‌ನಿಂದ ಹಿಂದಕ್ಕೆ ಹೋಗಿ: ಅದು ಅಲ್ಗಾರಿದಮ್‌ಗೆ ಕಾಯುತ್ತಿದೆ, ಅದು ಡೇಟಾ ಸ್ಟ್ರಕ್ಚರ್‌ಗೆ, ಅದು ಮತ್ತೆ ಅಲ್ಗಾರಿದಮ್‌ಗೆ. ಎರಡನೇ ಬಾರಿ ಸಿಕ್ಕ ಹೆಸರಿನಿಂದಲೇ ಸುತ್ತು ಶುರು. ಕಂಪೈಲರ್ ಬರೀ ಹಿಂದೆ ಸಿಕ್ಕಿಕೊಂಡದ್ದು.

ತಂತ್ರಾಂಶದ ಫೈಲುಗಳನ್ನು ಕಟ್ಟುವಾಗಲೂ ಇದೇ ಪ್ರಶ್ನೆ. ಸುತ್ತು ಕಂಡರೆ ಗ್ನೂ ಮೇಕ್ ಹೀಗೆ ಹೇಳುತ್ತದೆ:

```
make: Circular a <- b dependency dropped.
```

ಅಂದರೆ ಅದು ಒಂದು ಅವಲಂಬನೆಯನ್ನು ಕೈಬಿಟ್ಟು ಮುಂದೆ ಹೋಗಿದೆ. ಕೆಲಸ ಮುಗಿದಂತೆ ಕಂಡರೂ ಕ್ರಮ ಸರಿಯಿದೆ ಎಂಬ ಭರವಸೆ ಇರುವುದಿಲ್ಲ. ಆ ನಿಯಮವನ್ನು ತಿದ್ದಲೇಬೇಕು.