ಉಪ್ಪು, ಬ್ಯಾಟರಿ ಮತ್ತು ಹಲ್ಲೆ

ನ್ಯೂಯಾರ್ಕ್‌ನ ಗ್ರೀನಿಚ್ ಅವೆನ್ಯೂದಲ್ಲಿ ಬ್ರಿಟಿಷ್ ಶೈಲಿಯ ಕರಿದ ಮೀನು, ಆಲೂ ಚಿಪ್ಸ್ ಮಾರುವ ಅಂಗಡಿಯೊಂದಿದೆ. ಹೆಸರು ‘ಎ ಸಾಲ್ಟ್ ಆ್ಯಂಡ್ ಬ್ಯಾಟರಿ’. ಅದರ ಬೋರ್ಡಿನ ಫೋಟೊ ಕೆಳಗೆ ‘ಒಂದು ಉಪ್ಪು ಮತ್ತು ಬ್ಯಾಟರಿ’ ಎಂದು ಬರೆದರೆ, ಟಾರ್ಚಿನ ಸೆಲ್ಲಿಗೂ ಮೀನಿಗೂ ಏನು ನಂಟು ಎಂದು ಓದುಗ ತಲೆ ಕೆರೆದುಕೊಳ್ಳುತ್ತಾನೆ.

ಇಂಥ ಬೋರ್ಡನ್ನು ಮೊದಲು ಜೋರಾಗಿ ಓದಬೇಕು. ‘ಎ ಸಾಲ್ಟ್’ ಎಂಬುದನ್ನು ಬಿಡಿಸದೆ ಒಂದೇ ಉಸಿರಿಗೆ ಹೇಳಿದರೆ ಕಿವಿಗೆ ‘ಅಸಾಲ್ಟ್’ ಎಂದು ಬೀಳುತ್ತದೆ. ‘ಅಸಾಲ್ಟ್ ಆ್ಯಂಡ್ ಬ್ಯಾಟರಿ’ ಅಲ್ಲಿನ ಕಾನೂನಿನ ಜೋಡಿಪದ. ಹೊಡೆಯುವಂತೆ ಮೈಮೇಲೆ ಬಂದು ಹೆದರಿಸುವುದು ಮೊದಲನೆಯದು, ನಿಜವಾಗಿ ಕೈಮಾಡುವುದು ಎರಡನೆಯದು. ಇತ್ತ ‘ಬ್ಯಾಟರ್’ ಎಂದರೆ ಕಲಸಿದ ಹಿಟ್ಟು. ನಾವು ಬಜ್ಜಿಗೆ ಬಾಳೆಕಾಯಿ ಅದ್ದುವಂತೆ ಅವರು ಅದರಲ್ಲಿ ಮೀನು ಅದ್ದಿ ಎಣ್ಣೆಗೆ ಬಿಡುತ್ತಾರೆ, ಮೇಲೆ ಉಪ್ಪು ಉದುರಿಸುತ್ತಾರೆ. ಅಡುಗೆಮನೆಯ ಎರಡು ಸಾಮಾನು ಸೇರಿ ಪೊಲೀಸ್ ಕೇಸಾಯಿತು!

ನಮಗೆ ಇದು ತಟ್ಟನೆ ಹೊಳೆಯದಿರಲು ಕಾರಣವೂ ಇದೆ. 1860ರ ಭಾರತೀಯ ದಂಡಸಂಹಿತೆ ‘ಅಸಾಲ್ಟ್’ ಅನ್ನು ಇಟ್ಟುಕೊಂಡಿತಾದರೂ ‘ಬ್ಯಾಟರಿ’ಯ ಜಾಗದಲ್ಲಿ ‘ಕ್ರಿಮಿನಲ್ ಫೋರ್ಸ್’ ಎಂದಿತು. ಹಾಗಾಗಿ ನಮ್ಮ ಕೋರ್ಟುಗಳ ಮಾತಿನಲ್ಲಿ ಈ ಜೋಡಿಪದ ಬೇರೂರಲಿಲ್ಲ.

ಇದಕ್ಕೊಂದು ಕನ್ನಡದ ಶ್ಲೇಷೆ ಹೊಸೆಯುವ ಆಸೆ ಬರುತ್ತದೆ. ಪುಸ್ತಕದಲ್ಲಾದರೆ ಸರಿ. ಫೋಟೊದಲ್ಲಿ ಮೂಲ ಅಕ್ಷರಗಳು ಕಣ್ಣೆದುರೇ ಇರುತ್ತವೆ. ಬೇರೇನೋ ಬರೆದರೆ ಸುಳ್ಳಾಗುತ್ತದೆ. ‘ಉಪ್ಪು–ಹಿಟ್ಟು ಎಂದು ಬರೆದಿದೆ, ಓದಿದರೆ ಹಲ್ಲೆ–ಹೊಡೆತ ಎಂದು ಕೇಳುತ್ತದೆ’: ಇಷ್ಟು ಅಡಿಬರಹ ಸಾಕು.