ಒಂದು ಕಾಲಿನ ಮೇಲೆ ಭಾರ

ಕ್ರಿ.ಪೂ. 600ರ ಸುಮಾರಿನಿಂದ ಗ್ರೀಕರು ಸಮಾಧಿಗಳ ಮೇಲೂ ಗುಡಿಗಳ ಅಂಗಳದಲ್ಲೂ ನಿಲ್ಲಿಸುತ್ತಿದ್ದ ಬೆತ್ತಲೆ ತರುಣನ ಕಲ್ಲುಮೂರ್ತಿಗೆ ಕೌರೋಸ್ ಎಂದು ಹೆಸರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಆ ಕಾಲದ್ದೇ ಒಂದಿದೆ. ಅದರ ಚಿತ್ರ ತೋರಿಸಿದಾಗಲೆಲ್ಲ ‘ಇವನು ನಡೆಯುತ್ತಿದ್ದಾನೆ’ ಎಂಬ ಉತ್ತರ ಬರುತ್ತದೆ. ಎಡಗಾಲು ಮುಂದಿರುವುದು ನಿಜ. ಆದರೆ ಎರಡೂ ಪಾದಗಳು ಪೂರ್ತಿ ನೆಲಕ್ಕೂರಿವೆ, ಭಾರ ಎರಡರ ಮೇಲೂ ಸಮನಾಗಿದೆ. ಕಾಲು ಮುಂದಿಟ್ಟರೆ ಸೊಂಟವೂ ಅದರೊಡನೆ ತುಸು ತಿರುಗಬೇಕು. ಇಲ್ಲಿ ತಿರುಗಿಲ್ಲ.

ಈ ನಿಲುವು ಈಜಿಪ್ಟಿನಿಂದ ಬಂದದ್ದು. ಚೌಕದ ಬಂಡೆಯ ಎದುರು, ಹಿಂದೆ ಮತ್ತು ಎರಡು ಪಕ್ಕಗಳಲ್ಲಿ ರೇಖೆ ಎಳೆದುಕೊಂಡು ನಾಲ್ಕೂ ಕಡೆಯಿಂದ ಒಳಗೆ ಕೆತ್ತುತ್ತ ಹೋಗುವ ಕ್ರಮ ಅದು. ಎದುರು ನೋಟದಲ್ಲಿ ಎಡಬಲ ಒಂದೇ ತೆರನಾಗಿರುವುದು ಆ ಕೆಲಸಕ್ಕೆ ಅನುಕೂಲ. ಗ್ರೀಕರು ಬೆನ್ನ ಹಿಂದಿನ ಆಸರೆಗಲ್ಲನ್ನೂ ಕೈಕಾಲುಗಳ ನಡುವಿನ ಕಲ್ಲನ್ನೂ ತೆಗೆದುಹಾಕಿದರು. ನಿಲುವನ್ನು ಮಾತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ಬಿಡಲಿಲ್ಲ.

ಮುಂದೆ ಏನು ಬದಲಾಯಿತು ಎಂಬುದನ್ನು ನಿಮ್ಮ ಮೈಯಲ್ಲೇ ನೋಡಬಹುದು. ನೆಟ್ಟಗೆ ನಿಂತು ಎರಡು ಹೆಬ್ಬೆರಳುಗಳನ್ನು ಸೊಂಟದ ಎಲುಬುಗಳ ಮೇಲಿಡಿ. ಈಗ ಭಾರವನ್ನೆಲ್ಲ ಬಲಗಾಲಿಗೆ ಹಾಕಿ, ಎಡ ಮಂಡಿಯನ್ನು ಸಡಿಲಬಿಡಿ. ಬಲಗಡೆಯ ಹೆಬ್ಬೆರಳು ಮೇಲೇರುತ್ತದೆ, ಎಡಗಡೆಯದು ಇಳಿಯುತ್ತದೆ. ಸಡಿಲವಾದ ಕಾಲು ಸೊಂಟದ ಆ ಬದಿಯನ್ನು ಎತ್ತಿಹಿಡಿಯದಿರುವುದೇ ಇದಕ್ಕೆ ಕಾರಣ. ಸೊಂಟ ಓರೆಯಾದ ಮೇಲೆ ಬೆನ್ನೆಲುಬು ನೇರವಾಗಿದ್ದರೆ ನೀವು ಎಡಕ್ಕೆ ವಾಲುತ್ತೀರಿ. ಹಾಗಾಗದಂತೆ ಬೆನ್ನು ಬಳುಕಿ ಎದೆಯ ಭಾರವನ್ನು ಬಲಪಾದದ ಮೇಲಕ್ಕೆ ತರುತ್ತದೆ, ಆಗ ಬಲಭುಜ ತಗ್ಗುತ್ತದೆ. ಅಂಬಲಪಾಡಿ ಜಂಕ್ಷನ್ನಿನಲ್ಲಿ ಬಸ್ಸಿಗೆ ಕಾಯುವವರನ್ನು ಗಮನಿಸಿ, ಹತ್ತು ನಿಮಿಷ ಕಳೆದರೆ ಎಲ್ಲರೂ ಹೀಗೇ ನಿಂತಿರುತ್ತಾರೆ. ಸೊಂಟದ ಗೆರೆ, ಭುಜದ ಗೆರೆ ಎರಡನ್ನೂ ಮನಸ್ಸಿನಲ್ಲೇ ಉದ್ದಕ್ಕೆ ಎಳೆದರೆ ಭಾರ ಹೊತ್ತ ಕಾಲಿನ ಕಡೆ ಅವು ಕೂಡುತ್ತವೆ. ಕೌರೋಸ್‌ನಲ್ಲಿ ಅವು ಎಂದೂ ಕೂಡುವುದಿಲ್ಲ.

ಅಥೆನ್ಸಿನ ಅಕ್ರೊಪೊಲಿಸ್ ಮ್ಯೂಸಿಯಮ್ಮಿನ ‘ಕ್ರಿಟಿಯೊಸ್ ಹುಡುಗ’ ಕ್ರಿ.ಪೂ. 480ರ ಸುಮಾರಿನವನು, ಎತ್ತರ ನಾಲ್ಕಡಿಗೂ ಕಡಿಮೆ. ಅವನ ಭಾರ ಎಡಗಾಲಿನ ಮೇಲಿದೆ, ಬಲಮಂಡಿ ತುಸು ಮಡಿದಿದೆ, ಎಡಸೊಂಟ ಎದ್ದಿದೆ, ತಲೆ ಕೊಂಚ ಬಲಕ್ಕೆ ಹೊರಳಿದೆ. ಭುಜಗಳು ಮಾತ್ರ ಇನ್ನೂ ಹೆಚ್ಚುಕಡಿಮೆ ಸಮವೇ. ಸಡಿಲಿಕೆ ಸೊಂಟದವರೆಗೆ ಬಂದು ಭುಜವನ್ನು ಮುಟ್ಟುವ ಮೊದಲು ನಿಂತಿರುವ ಆ ಘಳಿಗೆಗಾಗಿಯೇ ಈ ಪುಟ್ಟ ಮೂರ್ತಿ ನನಗೆ ಉಳಿದೆಲ್ಲಕ್ಕಿಂತ ಪ್ರಿಯ. ಮೂವತ್ತು ನಲವತ್ತು ವರ್ಷಗಳ ಬಳಿಕ ಪಾಲಿಕ್ಲೀಟಸ್ ಎರಕ ಹೊಯ್ದ ಕಂಚಿನ ಭರ್ಜಿಧಾರಿಯಲ್ಲಿ ಭುಜವೂ ಸೊಂಟಕ್ಕೆ ಉತ್ತರ ಕೊಡುತ್ತದೆ. ಬಲಗಾಲು ಭಾರ ಹೊತ್ತಿದೆ, ಎಡಗೈ ಭರ್ಜಿ ಹಿಡಿದಿದೆ; ಎಡಗಾಲೂ ಬಲಗೈಯೂ ಬಿಡುವಾಗಿವೆ. ಈ ಅಡ್ಡಹೊಂದಿಕೆಗೆ ಕಲಾ ಇತಿಹಾಸಕಾರರು ಕೊಂಟ್ರಪೋಸ್ಟೊ ಎನ್ನುತ್ತಾರೆ. ಪಾಲಿಕ್ಲೀಟಸನ ಮೂಲ ಕಂಚು ಉಳಿದಿಲ್ಲ. ಪಾಂಪೆಯಲ್ಲಿ ಸಿಕ್ಕಿ ಈಗ ನೇಪಲ್ಸಿನಲ್ಲಿರುವುದು ರೋಮನರ ಕಾಲದ ಅಮೃತಶಿಲೆಯ ನಕಲು. ಕಾಲಿಗೆ ಅಂಟಿಕೊಂಡ ಮರದ ಬೊಡ್ಡೆಯೇ ಅದರ ಗುರುತು. ಪೊಳ್ಳು ಕಂಚು ಹಗುರ, ಗಟ್ಟಿ, ಒಂದು ಕಾಲಿನ ಮೇಲೂ ನಿಲ್ಲುತ್ತದೆ. ಕಲ್ಲಿನಲ್ಲಿ ಅದೇ ಭಂಗಿ ತಂದರೆ ಕಣಕಾಲು ಮುರಿಯುವ ಭಯ, ಅದಕ್ಕೇ ಆ ಆಸರೆ.

ಈಗ ದೊಡ್ಡ ತಪ್ಪುತಿಳಿವಳಿಕೆಗೆ ಬರೋಣ. ಸೆಟೆದು ನಿಂತ ಮೂರ್ತಿ ಎಂದರೆ ಕೈ ಪಳಗದವನ ಕೆಲಸ, ಬಳುಕಿದ್ದು ಬಲ್ಲವನ ಕೆಲಸ ಎಂಬ ನಂಬಿಕೆ ಅದು. ಇದಕ್ಕೆ ಉತ್ತರ ನಮ್ಮ ಕಾರ್ಕಳದ ಗುಡ್ಡದ ಮೇಲಿದೆ. ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟನ ಪಾದಗಳು ಸಮ, ಸೊಂಟ ಸಮ, ಭುಜ ಸಮ. ಅದಕ್ಕೂ ಮುನ್ನೂರು ವರ್ಷ ಹಿಂದೆಯೇ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಗೆ, ಹೊಯ್ಸಳ ಶಿಲ್ಪಿಗಳು ಮೈಯನ್ನು ಮೂರು ಕಡೆ ಬಾಗಿಸಿದ ಮದನಿಕೆಯರನ್ನು ಕೆತ್ತಿದ್ದರು. ಬಳುಕು ಕನ್ನಡ ನಾಡಿಗೆ ಗೊತ್ತಿಲ್ಲದ್ದಲ್ಲ. ಬಾಹುಬಲಿ ನಿಂತಿರುವುದು ಕಾಯೋತ್ಸರ್ಗದಲ್ಲಿ, ಮೈಯ ಮೇಲಿನ ಮಮತೆ ಬಿಟ್ಟವನಾಗಿ. ಭಾರವನ್ನು ಒಂದು ಕಾಲಿಗೆ ಹಾಕುವುದೆಂದರೆ ಮೈ ವಿಶ್ರಾಂತಿ ಕೇಳಿದಂತೆ. ಶಿಲ್ಪಿ ಅದನ್ನು ಬೇಕೆಂದೇ ಕೊಟ್ಟಿಲ್ಲ.

ಮದನಿಕೆಯ ತ್ರಿಭಂಗವೂ ಕೊಂಟ್ರಪೋಸ್ಟೊವೂ ಒಂದೇ ಎಂದು ಇಲ್ಲಿ ಎಣಿಸಬೇಡಿ. ಆಕೆಯ ಬಾಗು ನೃತ್ಯದ್ದು, ಚೆಲುವಿಗಾಗಿ ಹಿಗ್ಗಿಸಿದ್ದು. ಪಾಲಿಕ್ಲೀಟಸನದು ಸುಮ್ಮನೆ ನಿಂತ ಮೈಯ ತೂಕದ ಲೆಕ್ಕ. ಈ ವ್ಯತ್ಯಾಸ ಪುಸ್ತಕ ಓದಿ ತಿಳಿಯುವಂಥದ್ದಲ್ಲ, ಕಲ್ಲಿನ ಮುಂದೆ ನಿಂತೇ ತಿಳಿಯಬೇಕು. ಮುಂದಿನ ಅಧ್ಯಾಯಕ್ಕೆ ಹೋಗುವ ಮೊದಲು ಒಮ್ಮೆ ಕಾರ್ಕಳಕ್ಕೂ ಬೇಲೂರಿಗೂ ಹೋಗಿ ಬನ್ನಿ. ಮುಖ ನೋಡುವ ಮುಂಚೆ ಸೊಂಟದ ಗೆರೆ ನೋಡಿ, ಆಮೇಲೆ ಭುಜದ್ದು.