ಫಲಕ್‌ನುಮಾ ಸುದ್ದಿಗೆ ಎಷ್ಟು ಸಾಲು ಸಾಕು?

2010ರ ನವೆಂಬರ್‌ನಲ್ಲಿ ಹೈದರಾಬಾದಿನ ಫಲಕ್‌ನುಮಾ ಅರಮನೆ ಹೋಟೆಲಾಗಿ ಬಾಗಿಲು ತೆರೆಯಿತು. ಸುಮಾರು ಹತ್ತು ವರ್ಷ ನಡೆದ ಜೀರ್ಣೋದ್ಧಾರ, ಅದರ ಉಸ್ತುವಾರಿ ಹೊತ್ತ ನಿಜಾಮ ಮನೆತನದ ರಾಜಕುಮಾರಿ ಎಸ್ರಾ, ನೂರೊಂದು ಜನ ಒಟ್ಟಿಗೆ ಕೂತು ಉಣ್ಣಬಹುದಾದ ಊಟದ ಮೇಜು: ಹೇಳಲು ಬೇಕಾದಷ್ಟಿತ್ತು. ಇಂಥ ಹೋಟೆಲಿನ ಇಂಗ್ಲಿಷ್ ಪ್ರಕಟಣೆ ಸಲೀಸಾಗಿ ಎರಡು ಪುಟ ದಾಟುತ್ತದೆ. ಕನ್ನಡ ದಿನಪತ್ರಿಕೆಯ ಒಳಪುಟದಲ್ಲಿ ಅದಕ್ಕೆ ಸಿಗುವುದು ಮಾತ್ರ ಒಂದು ಕಾಲಂನ ತುಣುಕು ಜಾಗ.

ಜಾಗ ಸಾಲದಿದ್ದರೆ ಡೆಸ್ಕಿನಲ್ಲಿ ಕೂತ ಉಪಸಂಪಾದಕರು ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಆದ್ದರಿಂದ ಎಲ್ಲಿ, ಯಾವಾಗ, ಏನು, ನಡೆಸುವವರು ಯಾರು ಎಂಬುದೆಲ್ಲ ಮೊದಲ ಎರಡು ವಾಕ್ಯದಲ್ಲೇ ಮುಗಿಯಬೇಕು. ಇತಿಹಾಸ ಅದರ ನಂತರ. ಮಾಲೀಕರ, ವ್ಯವಸ್ಥಾಪಕರ ಹೇಳಿಕೆ ಕೊನೆಗೆ, ಏಕೆಂದರೆ ಹೋದರೂ ಓದುಗನಿಗೆ ನಷ್ಟವಿಲ್ಲದ್ದು ಅದೇ. ಫಲಕ್‌ನುಮಾದ ಸುದ್ದಿಯನ್ನು ಈ ಕ್ರಮದಲ್ಲಿ ಬರೆದರೆ ಹೀಗಾಗುತ್ತದೆ:

“ಹೈದರಾಬಾದ್: ಇಲ್ಲಿನ ಫಲಕ್‌ನುಮಾ ಅರಮನೆ ಈ ತಿಂಗಳಿನಿಂದ ಹೋಟೆಲಾಗಿ ಅತಿಥಿಗಳಿಗೆ ತೆರೆದಿದೆ. ಕೊಠಡಿ ಮತ್ತು ಸ್ವೀಟ್ ಸೇರಿ 60 ವಸತಿಗಳಿರುವ ಈ ಹೋಟೆಲನ್ನು ತಾಜ್ ಸಮೂಹ ನಡೆಸಲಿದೆ. ಪೈಗಾ ಮನೆತನದ ವಿಕಾರ್-ಉಲ್-ಉಮ್ರಾ 1884ರಲ್ಲಿ ಈ ಅರಮನೆಯ ನಿರ್ಮಾಣ ಆರಂಭಿಸಿದರು. ನಂತರ ಅದು ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಅವರ ವಶಕ್ಕೆ ಬಂತು. ಸುಮಾರು ಹತ್ತು ವರ್ಷಗಳ ಕಾಲ ಜೀರ್ಣೋದ್ಧಾರ ನಡೆದಿದೆ.”

ಇಷ್ಟೇ. ಮೂರನೆಯ ವಾಕ್ಯವನ್ನು ಮಾತ್ರ ಒಮ್ಮೆ ನಿಂತು ನೋಡಬೇಕು. ‘ನಿಜಾಮರು ಕಟ್ಟಿಸಿದ ಅರಮನೆ’ ಎಂದು ಬರೆದುಬಿಡುವುದು ಬಲು ಸುಲಭ. ಹೈದರಾಬಾದು, ಅರಮನೆ ಎಂದೊಡನೆ ಕೈ ತಾನಾಗಿ ಹಾಗೆ ಬರೆಯುತ್ತದೆ. ಆದರೆ ಕಟ್ಟಿಸಿದವರು ನಿಜಾಮರಲ್ಲ. ಇನ್ನೊಂದು ತಪ್ಪು ಅನುವಾದದಲ್ಲೇ ಹುಟ್ಟುವಂಥದು. ಮೂಲದಲ್ಲಿ ವಿಕಾರ್-ಉಲ್-ಉಮ್ರಾ ಅವರನ್ನು ಹೈದರಾಬಾದ್ ಸಂಸ್ಥಾನದ ಪ್ರಧಾನಿ ಎಂದು ಪರಿಚಯಿಸಿರುತ್ತಾರೆ. ಅದನ್ನು ‘ಪ್ರಧಾನಿಯಾಗಿದ್ದಾಗ ಕಟ್ಟಿಸಿದರು’ ಎಂದು ಕನ್ನಡಕ್ಕೆ ತಂದರೆ ಮೂಲ ಹೇಳದ ಮಾತೊಂದು ಸೇರಿಕೊಂಡಂತೆ. ಅವರು ಆ ಹುದ್ದೆಗೆ ಬಂದದ್ದು 1890ರ ದಶಕದಲ್ಲಿ, ಅಡಿಗಲ್ಲು ಬಿದ್ದು ವರ್ಷಗಳಾದ ಮೇಲೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರಿನ ಓದುಗರಲ್ಲಿ ಈ ವ್ಯತ್ಯಾಸ ಬಲ್ಲವರು ಇದ್ದೇ ಇರುತ್ತಾರೆ.

ಹೋಟೆಲಿನವರ ಮಾತೂ ಬಲ್ಲವರಿಗಷ್ಟೇ ತಿಳಿಯುವಂಥದು. ಅವರು ‘ಅರವತ್ತು ಕೀ’ ಎಂದರೆ ಬಾಡಿಗೆಗೆ ಕೊಡುವ ಅರವತ್ತು ವಸತಿ ಎಂದರ್ಥ, ಬೀಗದ ಕೈಯ ಲೆಕ್ಕವಲ್ಲ. ‘ಸಾಫ್ಟ್ ಲಾಂಚ್’ ಎಂದರೆ ಔಪಚಾರಿಕ ಉದ್ಘಾಟನೆಗೆ ಮೊದಲೇ ಅತಿಥಿಗಳನ್ನು ಕರೆದುಕೊಳ್ಳುವುದು. ಅದನ್ನು ‘ಉದ್ಘಾಟನೆ’ ಎಂದು ಬರೆದರೆ ಮುಂದೆ ನಿಜವಾದ ಸಮಾರಂಭ ನಡೆದಾಗ ಅದೇ ಪತ್ರಿಕೆ ಅದೇ ಹೋಟೆಲನ್ನು ಎರಡನೇ ಸಲ ಉದ್ಘಾಟಿಸಬೇಕಾಗುತ್ತದೆ.

ಮೇಲಿನ ಸುದ್ದಿಯಲ್ಲಿ ‘ಪಾರಂಪರಿಕ ಹೋಟೆಲ್’ ಎಂಬ ಮಾತಿಲ್ಲ. ಅದು ಬರೀ ವರ್ಣನೆಯಲ್ಲ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕೊಡುವ ಒಂದು ದರ್ಜೆಯೂ ಹೌದು. ಕಟ್ಟಡ 1950ಕ್ಕಿಂತ ಹಿಂದಿನದಾಗಿರಬೇಕು, ಬಾಡಿಗೆಗೆ ಕನಿಷ್ಠ ಐದು ಕೊಠಡಿ ಇರಬೇಕು, ಕಟ್ಟಡದ ಮೂಲ ಶೈಲಿ ಉಳಿದಿರಬೇಕು. ನಿನ್ನೆ ಮೊನ್ನೆ ಕಟ್ಟಿ ಕಮಾನು, ಕೆತ್ತನೆ ಕೂರಿಸಿದ ರೆಸಾರ್ಟಿನ ಪ್ರಕಟಣೆಯಲ್ಲಿ ‘ಪಾರಂಪರಿಕ ಶೈಲಿಯ’ ಎಂದಿದ್ದರೆ ಕನ್ನಡದಲ್ಲೂ ‘ಶೈಲಿಯ’ ಎಂಬುದು ಉಳಿಯಲೇಬೇಕು. ಜಾಗ ಉಳಿಸಲು ಆ ಒಂದು ಪದ ತೆಗೆದರೆ ಹೊಸ ಕಟ್ಟಡಕ್ಕೆ ಇಲ್ಲದ ವಯಸ್ಸು ಬಂದುಬಿಡುತ್ತದೆ. ಸುದ್ದಿ ಚಿಕ್ಕದಾಗುವುದು ಬೇರೆ, ಬದಲಾಗುವುದು ಬೇರೆ.

ಮೂಲದಲ್ಲೇ ತಪ್ಪಿದ್ದರೆ ಏನು ಮಾಡಬೇಕು? ಇದು ಕಷ್ಟದ ಪ್ರಶ್ನೆ. ಫಲಕ್‌ನುಮಾ ‘ನಗರದಿಂದ 2,000 ಅಡಿ ಎತ್ತರದಲ್ಲಿದೆ’ ಎಂಬ ಮಾತು ಪ್ರವಾಸಿ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಅರಮನೆ ಗುಡ್ಡದ ಮೇಲಿರುವುದು ನಿಜ. ಆದರೆ ಹೈದರಾಬಾದ್ ನಗರವೇ ಸಮುದ್ರಮಟ್ಟದಿಂದ ಸುಮಾರು 540 ಮೀಟರ್, ಅಂದರೆ 1,770 ಅಡಿಯಷ್ಟು ಮೇಲಿದೆ. 2,000 ಅಡಿ ಎಂಬುದು ಸಮುದ್ರಮಟ್ಟದ ಲೆಕ್ಕವಾದರೆ ಮಾತ್ರ ಹೊಂದುತ್ತದೆ. ನಗರದಿಂದ ಎಂದರೆ ಅರಮನೆ ಚಾಮುಂಡಿ ಬೆಟ್ಟಕ್ಕಿಂತ ಎತ್ತರದಲ್ಲಿರಬೇಕಾಗುತ್ತದೆ. ಹಾಗೆಂದು ಅನುವಾದಕರು ಗುಟ್ಟಾಗಿ ಅಂಕಿ ತಿದ್ದಿದರೆ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು, ಕನ್ನಡದಲ್ಲಿ ಇನ್ನೊಂದು ಬಂದು ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಕಳಿಸಿದವರಿಗೆ ಫೋನ್ ಮಾಡಿ ಕೇಳಬೇಕು, ಅವರು ಒಪ್ಪಿದರೆ ಎರಡೂ ಭಾಷೆಯ ಪ್ರತಿಗಳನ್ನು ತಿದ್ದಬೇಕು. ಪುಟ ಮುಚ್ಚುವ ಹೊತ್ತಾಗಿ ಉತ್ತರ ಬಾರದಿದ್ದರೆ ‘ಗುಡ್ಡದ ಮೇಲಿರುವ ಅರಮನೆ’ ಎಂದಷ್ಟೇ ಬರೆದು ಅಂಕಿಯನ್ನು ಕೈಬಿಡಬಹುದು.